ಮಂಜನಿಗೊಂದು ಪತ್ರ: ‘ಈಸ್ ಇಟ್’ ಅಂದಮೇಲೆ ಎರಡು ದಿನ

ಪ್ರೀತಿಯ ಮಂಜ,

ಈ ಪತ್ರ ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೂ ಎಲ್ಲರೂ ನೋಡುವ ಹಾಗೆ ಇಲ್ಲೇ ಹಾಕುತ್ತಿದ್ದೇನೆ. ನಮ್ಮ ಹಾಗೆ ಕನ್ನಡ ಮೀಡಿಯಂನಲ್ಲಿ ಓದಿ, ಬೆಂಗಳೂರಿಗೆ ಬಂದು, ಡೇಟಿಂಗ್ ಆ್ಯಪ್‌ನಲ್ಲಿ ಯಾರೋ ಇಷ್ಟವಾಗಿ, ಒಂದು ಸಾಲು ಟೈಪ್ ಮಾಡುವುದು ಅಳಿಸುವುದು ಮಾಡುತ್ತಾ ಕೂತವರು ಇನ್ನೂ ಇದ್ದಾರೆ. ಅವರೂ ಓದಲಿ. ಕೊಬ್ಬರಿ ಮೂಟೆ ವಿಷಯ ಇಲ್ಲಿ ಬರೆಯಲ್ಲ, ಹೆದರಬೇಡ.

ಅವಳ ಬಗ್ಗೆ ಹೇಳಿದ್ದೆನಲ್ಲ. ಹೆಸರು ಬೇಡ. ಬಂಗಾಳಿ ಮನೆಯವಳು, ಬೆಳೆದದ್ದು ದೆಹಲಿಯಲ್ಲಿ. ನಾನು ಕನ್ನಡದಲ್ಲಿ ನಿನಗೆ ಎಷ್ಟು ಸಲೀಸಾಗಿ ಬೈತೀನೋ ಅವಳು ಅಷ್ಟು ಸಲೀಸಾಗಿ ಇಂಗ್ಲಿಷ್ ಟೈಪ್ ಮಾಡುತ್ತಾಳೆ. ಒಂದು ರಾತ್ರಿ ಮೆಸೇಜ್ ಬಂತು. ದೆಹಲಿಯಲ್ಲಿರುವ ಅಜ್ಜಿಯನ್ನು ಸಂಜೆ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ. ನನಗೆ ಎದೆ ಧಸಕ್ ಅಂತು. ಬಾಯಲ್ಲಿ ಬಂದದ್ದು ‘ಹೌದಾ?’. ಅದನ್ನೇ ಇಂಗ್ಲಿಷ್ ಮಾಡಿ ಕಳಿಸಿದೆ: ‘ಈಸ್ ಇಟ್’. ಕೊನೆಗೆ ಒಂದು ಫುಲ್‌ಸ್ಟಾಪ್. ವ್ಯಾಕರಣ ಸರಿಯಿರಲಿ ಅಂತ.

ಎರಡು ದಿನ ಅವಳಿಂದ ಸುದ್ದಿಯೇ ಇಲ್ಲ.

ನಮ್ಮ ‘ಹೌದಾ’ ಒಳಗೆ ಎಷ್ಟಿದೆ ನೋಡು. ದನಿ ಇಳಿಸಿ ಅಂದರೆ ದುಃಖ, ಎಳೆದು ಅಂದರೆ ಆಶ್ಚರ್ಯ, ಕತ್ತರಿಸಿ ಅಂದರೆ ಅನುಮಾನ. ಇಂಗ್ಲಿಷಿಗೆ ಹೋಗುವಾಗ ಆ ದನಿ ಇಲ್ಲೇ ಉಳಿದುಹೋಗುತ್ತೆ. ಅಲ್ಲಿ ‘ಈಸ್ ಇಟ್’ ಅನ್ನುವುದನ್ನು ಓದುವವರಿಗೆ ‘ನಿಜಾನಾ, ನನಗೇನು’ ಅಂದಹಾಗೆ ಕೇಳಬಹುದು. ಅದರ ಮೇಲೆ ನನ್ನ ಫುಲ್‌ಸ್ಟಾಪ್ ಬೇರೆ. ಆಫೀಸಿನಲ್ಲಿ ಪಕ್ಕದ ಸೀಟಿನವಳು ಅದನ್ನು ನೋಡಿ, ಇದು ಬಾಗಿಲು ಹಾಕಿದ ಹಾಗಿದೆಯಲ್ಲೋ ಅಂದಳು. ಆಮೇಲೆ ಹುಡುಕಿ ಓದಿದೆ. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಇದರ ಮೇಲೇ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ವಿದ್ಯಾರ್ಥಿಗಳಿಗೆ ಒಂದೇ ಪದದ ಉತ್ತರಗಳನ್ನು ತೋರಿಸಿದರು, ಕೆಲವಕ್ಕೆ ಫುಲ್‌ಸ್ಟಾಪ್ ಇತ್ತು, ಕೆಲವಕ್ಕೆ ಇರಲಿಲ್ಲ. ಮೊಬೈಲ್ ಮೆಸೇಜಿನಲ್ಲಿ ಫುಲ್‌ಸ್ಟಾಪ್ ಇದ್ದ ಉತ್ತರ ಅಷ್ಟು ಮನಸ್ಸಿನಿಂದ ಬಂದದ್ದಲ್ಲ ಅನ್ನಿಸಿತಂತೆ. ಅದನ್ನೇ ಕೈಬರಹದ ಚೀಟಿಯಲ್ಲಿ ತೋರಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲವಂತೆ. ಅಂದರೆ ನಮ್ಮ ಮೇಷ್ಟ್ರು ಕಲಿಸಿದ್ದು ತಪ್ಪಲ್ಲ. ಅದು ಕಾಗದದ ನಿಯಮ, ಇದು ಚಾಟ್.

ಮೂರನೇ ದಿನ ನಾನೇ ಬರೆದೆ. ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: “ಮೊನ್ನೆ ನಾನು ‘ಈಸ್ ಇಟ್’ ಅಂದೆ. ನಮ್ಮ ಭಾಷೆಯಲ್ಲಿ ಅದು ‘ಅಯ್ಯೋ’ ಅನ್ನುವ ಜಾಗದಲ್ಲಿ ಬರುತ್ತೆ. ನನಗೆ ಗಾಬರಿಯಾಗಿತ್ತು. ಅಜ್ಜಿ ಹೇಗಿದ್ದಾರೆ?” ನಾಲ್ಕು ಪುಟ್ಟ ವಾಕ್ಯ. ಕ್ಷಮೆ ಕೇಳಲಿಲ್ಲ, ಏನಾಯಿತು ಅಂತ ಹೇಳಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಅಜ್ಜಿ ಮನೆಗೆ ಬಂದಿದ್ದರು.

ಆಗ ನನಗೆ ಹೊಳೆದದ್ದು ಇನ್ನೊಂದು. ಅದಕ್ಕೂ ಮೊದಲು ನಾನು ಪ್ರತಿ ಮೆಸೇಜಿಗೂ ‘ಸಾರಿ ಫಾರ್ ಮೈ ಇಂಗ್ಲಿಷ್’ ಸೇರಿಸುತ್ತಿದ್ದೆ. ವಿನಯ ಅಂದುಕೊಂಡಿದ್ದೆ. ಹಳೆಯ ಚಾಟ್ ತೆಗೆದು ಓದಿದೆ. ನಾನು ಸಾರಿ ಅಂದಾಗಲೆಲ್ಲ ಅವಳು ‘ಇಲ್ಲ ಇಲ್ಲ, ನಿನ್ನ ಇಂಗ್ಲಿಷ್ ಚೆನ್ನಾಗಿದೆ’ ಅನ್ನಲೇಬೇಕಾಗಿತ್ತು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವಳು ಹೊಸ ಮನೆಯ ಬಾಲ್ಕನಿ ಬಗ್ಗೆ ಹೇಳಹೊರಟಿದ್ದಳು, ನಾನು ಅವಳನ್ನು ಟೀಚರ್ ಮಾಡಿ ಕೂರಿಸಿದ್ದೆ. ಇನ್ನು ಕೆಲವು ಸಲ ಒಂದು ಉತ್ತರವನ್ನು ನೋಟ್ಸ್‌ನಲ್ಲಿ ಬರೆದು ತಿದ್ದಿ ತಿದ್ದಿ ಮುಕ್ಕಾಲು ಗಂಟೆ ಬಿಟ್ಟು ಕಳಿಸಿದ್ದೇನೆ. ತಪ್ಪು ಒಂದೂ ಇಲ್ಲ. ಓದಿದರೆ ಬ್ಯಾಂಕಿನ ಪತ್ರದ ಹಾಗಿದೆ. ಅಷ್ಟು ಹೊತ್ತು ಉತ್ತರ ಕಾಣದೆ, ನನಗೆ ಆಸಕ್ತಿಯಿಲ್ಲ ಅಂತ ಅವಳಿಗೆ ಅನ್ನಿಸುತ್ತಿತ್ತಂತೆ.

ಹಾಗಾಗಿ ಒಂದೇ ಸಲ ಹೇಳಿಬಿಟ್ಟೆ. ನಾನು ಇಂಗ್ಲಿಷಿನಲ್ಲಿ ನಿಧಾನ, ಏನಾದರೂ ಒರಟಾಗಿ ಕೇಳಿಸಿದರೆ ಕೋಪ ಮಾಡಿಕೊಳ್ಳುವ ಮೊದಲು ಕೇಳು, ನನಗೆ ಗೊತ್ತಾಗದಿದ್ದರೆ ನಾನೂ ಕೇಳುತ್ತೇನೆ ಅಂತ. ಕೇಳುವುದು ಮೊದಮೊದಲು ಕಷ್ಟವಾಯಿತು. ಶನಿವಾರ ಕಾಫಿಗೆ ಹೋಗೋಣವಾ ಅಂದದ್ದಕ್ಕೆ ‘ಐ ಆಮ್ ಡೌನ್’ ಅಂದಳು. ಹುಷಾರಿಲ್ಲವೇನೋ, ರೆಸ್ಟ್ ಮಾಡು ಅಂತ ಟೈಪ್ ಮಾಡಿದವನು ಕಳಿಸುವ ಮೊದಲು ನಿಲ್ಲಿಸಿ, ಡೌನ್ ಅಂದರೆ ಇಲ್ಲಿ ಏನು ಅಂತ ಕೇಳಿದೆ. ‘ನಾನು ರೆಡಿ’ ಅಂತ ಅರ್ಥವಂತೆ. ಕೇಳದೆ ಇದ್ದಿದ್ದರೆ ಆ ಶನಿವಾರ ಹೋಗುತ್ತಿತ್ತು. ಗಂಭೀರವಾದ ಮಾತು, ಮುನಿಸು, ಇವನ್ನು ಮಾತ್ರ ಈಗ ಟೈಪ್ ಮಾಡುವುದಿಲ್ಲ. ಇಪ್ಪತ್ತು ಸೆಕೆಂಡಿನ ವಾಯ್ಸ್ ನೋಟ್ ಕಳಿಸುತ್ತೇನೆ. ವ್ಯಾಕರಣ ತಪ್ಪಿದರೂ ದನಿ ತಲುಪುತ್ತೆ.

ಅಜ್ಜಿಯನ್ನು ನೋಡಲು ಅವಳು ದೆಹಲಿಗೆ ಹೊರಟ ದಿನ ಏರ್‌ಪೋರ್ಟಿನಿಂದ ಮೆಸೇಜ್ ಮಾಡಿದಳು. ನಾನು ಅವಸರದಲ್ಲಿ ‘ಓಕೆ, ಗೋ ಅಂಡ್ ಕಮ್’ ಅಂದುಬಿಟ್ಟೆ. ಇಂಥ ಮಾತುಗಳನ್ನೆಲ್ಲ ಅಷ್ಟು ದಿನ ಹುಡುಕಿ ಹುಡುಕಿ ಅಳಿಸುತ್ತಿದ್ದೆ. ಏನಿದು ಅಂತ ಕೇಳಿದಳು. ನಮ್ಮಲ್ಲಿ ಹೊರಟವರಿಗೆ ‘ಹೋಗು’ ಅನ್ನುವುದಿಲ್ಲ, ‘ಹೋಗಿ ಬಾ’ ಅಂತೇವೆ ಅಂದೆ. ಸ್ವಲ್ಪ ಹೊತ್ತು ಟೈಪಿಂಗ್ ಅಂತ ಬರುತ್ತಲೇ ಇತ್ತು. ಆಮೇಲೆ ಬರೆದಳು: ಬಂಗಾಳಿಯಲ್ಲೂ ಹೊರಡುವಾಗ ಹೋಗುತ್ತೇನೆ ಅನ್ನಬಾರದಂತೆ, ‘ಆಶಿ’ ಅನ್ನಬೇಕಂತೆ, ಬರುತ್ತೇನೆ ಅಂತ. ಅಜ್ಜಿ ಚಿಕ್ಕಂದಿನಲ್ಲಿ ಗದರಿಸಿ ಕಲಿಸಿದ್ದರಂತೆ. ಅವತ್ತು ಬೋರ್ಡಿಂಗ್ ಕರೆಯುವವರೆಗೂ ಮಾತಾಡಿದೆವು.

ಈಗ ನಿನಗೆ ಹೇಳಬೇಕಾದದ್ದು. ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ.

ಎರಡು ತಿಂಗಳ ಹಿಂದೆ ಒಂದು ಭಾನುವಾರ ನೀನು ಫೋನ್ ಮಾಡಿದ್ದೆ, ನೆನಪಿದೆಯಾ? ನಾನು ಅವಳ ಜೊತೆ ಕಬ್ಬನ್ ಪಾರ್ಕಿನಲ್ಲಿದ್ದೆ. ನಿನ್ನ ಫೋನಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಐ ವಿಲ್ ಕಾಲ್ ಯೂ ಬ್ಯಾಕ್ ಅಂತ. ನೀನು ಒಂದು ಕ್ಷಣ ಸುಮ್ಮನಿದ್ದು, ‘ಯಾರ್ರೀ ಮಾತಾಡೋದು?’ ಅಂದೆ. ಒಂದನೇ ಕ್ಲಾಸಿನಿಂದ ಲೋ ಅನ್ನುತ್ತಿದ್ದವನು ನನಗೆ ರೀ ಅಂದೆ ಕಣೋ. ನಾನು ಕಟ್ ಮಾಡಿದೆ, ಆಮೇಲೆ ಫೋನೂ ಮಾಡಲಿಲ್ಲ. ನಿನ್ನ ಜೊತೆ ಕನ್ನಡದಲ್ಲಿ ಮಾತಾಡಿದರೆ, ಆ ಜೋರು ದನಿ, ಆ ನಗು, ಅವಳ ಮುಂದೆ ಸಣ್ಣವನಾಗಿಬಿಡುತ್ತೇನೆ ಅಂತ ಹೆದರಿದ್ದೆ. ಹೆದರಿಕೆ ಅಷ್ಟೇ ಅಲ್ಲ. ನಿನ್ನ ಬಗ್ಗೆ ನಾಚಿಕೆಯಾಗಿತ್ತು. ಈ ಮಾತು ಬರೆಯುವಾಗ ಕೈ ನಡುಗುತ್ತಿದೆ, ಆದರೂ ಅಳಿಸಲ್ಲ.

ಆಗ ಅವಳು ಕೇಳಿದ್ದಳು, ಯಾರದು ಅಂತ. ಆಫೀಸು ಅಂದಿದ್ದೆ. ಮೊನ್ನೆ ನಿಜ ಹೇಳಿದೆ. ಹಾಗಾದರೆ ಈಗಲೇ ಫೋನ್ ಮಾಡು ಅಂದಳು. ರಾತ್ರಿ ಹನ್ನೊಂದೂವರೆ, ನೀನು ಮಲಗಿರುತ್ತೀಯ ಅಂತ ಬಿಟ್ಟೆ.

ಸರಿ, ಸಾಕು. ಅಮ್ಮನಿಗೆ ಇದನ್ನು ಓದಿ ಹೇಳಬೇಡ. ತೋಟದಲ್ಲಿ ಬೋರ್ ನೀರು ಹೇಗಿದೆ? ಮುಂದಿನ ತಿಂಗಳು ತಿಪಟೂರಿಗೆ ಬರುತ್ತೇನೆ, ಅವಳೂ ಬರುತ್ತೀನಿ ಅಂದಿದ್ದಾಳೆ. ನಿಂಗಣ್ಣನ ಕೊಡೆ ಇನ್ನೂ ನಿನ್ನ ಹತ್ತಿರವೇ ಇದೆ ಅಲ್ವಾ, ಆವತ್ತು ತೆಗೆದಿಟ್ಟಿರು. ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ. ಎತ್ತಿ ಲೋ ಅನ್ನು.

ನಿನ್ನ,
ಸೀನ