ಪದರು ಕೆಳಗೆ ಕಂಡ ಮಾತ್ರಕ್ಕೆ ಕುಸಿದಿದೆ ಎನ್ನಲಾಗದು

ಮಾನ್ಯ ಸಂಪಾದಕರೇ,

ಬಾಗಲಕೋಟೆ ಜಿಲ್ಲೆಯ ಕಾಲುವೆ ಕಡಿತವೊಂದರ ಚಿತ್ರ ಈಚೆಗೆ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಸುಣ್ಣಕಲ್ಲಿನ ಪದರುಗಳು ಒಂದು ಓರೆ ಗೆರೆಯ ಹತ್ತಿರ ತಟ್ಟನೆ ತುಂಡಾಗಿದ್ದವು. ಗೆರೆಯ ಎಡಕ್ಕಿದ್ದ ಪದರುಗಳು ಬಲಕ್ಕಿದ್ದವುಗಳಿಗಿಂತ ಸುಮಾರು ಆಳೆತ್ತರ ಕೆಳಗಿದ್ದವು. 'ಎಡಭಾಗ ಕುಸಿದು ಆದ ಸಾಮಾನ್ಯ ಸ್ತರಭಂಗ' ಎಂದು ಅಡಿಬರಹವಿತ್ತು. ಜೊತೆಗಿದ್ದ ಲೇಖನ ಮಡಿಕೆಯನ್ನೂ ಸ್ತರಭಂಗವನ್ನೂ ಒಂದೇ ಎಂಬಂತೆ ಬರೆದಿತ್ತು. ಚಿತ್ರದಲ್ಲಿರುವುದು ಸ್ತರಭಂಗ ಎನ್ನುವುದು ಸರಿ. ಆದರೆ ಅದು 'ಸಾಮಾನ್ಯ' ಎಂದು ಆ ಚಿತ್ರವೊಂದನ್ನೇ ನೋಡಿ ಹೇಳಲು ಬರುವುದಿಲ್ಲ. ವಿದ್ಯಾರ್ಥಿಗಳು ಈ ಚಿತ್ರವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ, ಆದ್ದರಿಂದ ಕಾರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಮಡಿಕೆಯ ಮಾತು. ಮಡಿಕೆಯಲ್ಲಿ ಪದರು ಬಾಗುತ್ತದೆ, ಹರಿಯುವುದಿಲ್ಲ. ಹಾಸಿದ ಕೌದಿಯನ್ನು ಎರಡೂ ಕಡೆಯಿಂದ ಒತ್ತಿದರೆ ನಡುವೆ ಉಬ್ಬುತ್ತದಲ್ಲ, ಹಾಗೆ. ಒಂದೇ ಪದರಿನ ಮೇಲೆ ಬೆರಳಿಟ್ಟು ಸಾಗಿದರೆ ಉಬ್ಬು ಹತ್ತಿ ಆಚೆ ಇಳಿಯಬಹುದು, ಬೆರಳು ಎಲ್ಲೂ ಎತ್ತಬೇಕಿಲ್ಲ. ಸ್ತರಭಂಗದಲ್ಲಿ ಬೆರಳು ಒಂದು ಕಡೆ ನಿಂತೇ ಬಿಡುತ್ತದೆ. ಆಚೆ ಬೇರೆ ಕಲ್ಲು ಇರುತ್ತದೆ, ಇಲ್ಲವೇ ಅದೇ ಕಲ್ಲು ಬೇರೆ ಮಟ್ಟದಲ್ಲಿರುತ್ತದೆ. ನಡುವಿನ ಸಂದಿನಲ್ಲಿ ಮೂಲೆ ಚೂಪಾದ ಕಲ್ಲುಚೂರು, ಅರೆದು ಮಣ್ಣಾದ ಪುಡಿ ಅಥವಾ ಉಜ್ಜಿ ನುಣುಪಾದ ಮೈ ಸಿಗುತ್ತದೆ.

ಕಲ್ಲು ಅಲ್ಲಲ್ಲಿ ಮಾತ್ರ ಹೊರಗೆ ಕಂಡು, ಉಳಿದದ್ದು ಎರೆಮಣ್ಣಿನ ಹೊಲದಡಿ ಮುಚ್ಚಿಹೋಗಿದ್ದರೆ ಬೆರಳಿಟ್ಟು ಸಾಗಲು ಆಗುವುದಿಲ್ಲ. ಆಗ ಪದರುಗಳ ಸರದಿಯನ್ನು ಬರೆದುಕೊಳ್ಳಬೇಕು. ಕ, ಖ, ಗ, ಖ, ಕ ಎಂದು ಕನ್ನಡಿಯಲ್ಲಿ ಕಂಡಂತೆ ಮರಳಿದರೆ ಮಡಿಕೆ. ಕ, ಖ, ಗ, ಮತ್ತೆ ಕ, ಖ, ಗ ಎಂದು ಅದೇ ಸರದಿ ಮೊದಲಿನಿಂದ ಶುರುವಾದರೆ ನಡುವೆ ಸ್ತರಭಂಗವಿದೆ. ನಮ್ಮ ಕಲಾದಗಿ ಶ್ರೇಣಿಯ ಕಲ್ಲಿನಲ್ಲಿ ಇದಕ್ಕೆ ಇನ್ನೊಂದು ಆಸರೆಯೂ ಉಂಟು. ಮರಳುಗಲ್ಲಿನ ಮೇಲಿನ ಅಲೆಗುರುತುಗಳೂ ಲೋಕಾಪುರದ ಕಡೆಯ ಡಾಲೊಮೈಟಿನಲ್ಲಿ ಸೂಕ್ಷ್ಮಜೀವಿಗಳು ಪದರುಪದರಾಗಿ ಕಟ್ಟಿದ ಸ್ಟ್ರೊಮಟೊಲೈಟಿನ ಉಬ್ಬುಗಳೂ ಪದರಿನ ಮೇಲ್ಮೈ ಯಾವುದೆಂದು ತೋರಿಸುತ್ತವೆ. ಸ್ಟ್ರೊಮಟೊಲೈಟಿನ ಉಬ್ಬು ಬೆಳೆದ ಕಾಲಕ್ಕೆ ಮೇಲ್ಮುಖವಾಗಿತ್ತು. ಈಗ ಅದು ಕೆಳಮುಖವಾಗಿದ್ದರೆ ಆ ಪದರು ಬೋರಲಾಗಿದೆ, ಅಲ್ಲಿ ಬಿಗಿಯಾದ ಮಡಿಕೆಯನ್ನು ಹುಡುಕಬೇಕು.

ಸ್ತರಭಂಗವಲ್ಲದ ಎರಡನ್ನು ಇಲ್ಲೇ ಬದಿಗಿಡೋಣ. ಬಾದಾಮಿಯ ಬಂಡೆಗಳಲ್ಲಿ ನೆಟ್ಟಗೆ ಇಳಿದಿರುವ ದೊಡ್ಡ ಸೀಳುಗಳ ಎರಡೂ ಪಕ್ಕ ಪದರು ಒಂದೇ ಮಟ್ಟದಲ್ಲಿದ್ದು, ಉಜ್ಜಿದ ಗುರುತೂ ಇಲ್ಲದಿದ್ದರೆ ಅದು ಬರಿಯ ಬಿರುಕು. ಬಾಯಿ ತೆರೆದಿದೆ, ಒಂದರ ಮೈಗೆ ಇನ್ನೊಂದು ಉಜ್ಜಿ ಸರಿದಿಲ್ಲ. ರಾಮದುರ್ಗದ ಹತ್ತಿರ ಕಡಿದಾಗಿ ಓರೆನಿಂತ ಬಾಗಲಕೋಟೆ ಗುಂಪಿನ ಪದರುಗಳ ಮೇಲೆ ಬಾದಾಮಿ ಗುಂಪಿನ ಮರಳುಗಲ್ಲು ಮಟ್ಟಸವಾಗಿ ಕೂತಿದೆ. ಅದನ್ನೂ ಸ್ತರಭಂಗ ಎಂದು ಬರೆದವರುಂಟು. ಅದು ಹಳೆಯ ಕಲ್ಲು ಮಡಿಕೆಬಿದ್ದು, ಸವೆದ ಮೇಲೆ ಹೊಸ ಮರಳು ಬಂದು ಕೂತ ನೆಲ. ಇಂಥ ಸಂದಿನಲ್ಲಿ ಸಿಗುವುದು ನೀರಿನಲ್ಲಿ ಉರುಳಿ ದುಂಡಗಾದ ಹರಳು, ಚೂಪುಮೂಲೆಯ ಚೂರಲ್ಲ.

ಇನ್ನು ಸ್ತರಭಂಗದ ಬಗೆಗಳು. ಬಿರಿದ ಮೈ ಓರೆಯಾಗಿದ್ದರೆ ಒಂದು ತುಂಡು ಆ ಓರೆಯ ಮೇಲೆ ಒರಗಿರುತ್ತದೆ, ಇನ್ನೊಂದು ಅದಕ್ಕೆ ಆಸರೆಯಾಗಿ ಕೆಳಗಿರುತ್ತದೆ. ಮೇಲೆ ಒರಗಿದ್ದು ಹ್ಯಾಂಗಿಂಗ್ ವಾಲ್, ಕೆಳಗಿನದು ಫುಟ್ ವಾಲ್. ಮೇಲಿನದು ಓರೆಯಲ್ಲಿ ಕೆಳಗೆ ಜಾರಿದ್ದರೆ ಸಾಮಾನ್ಯ, ಮೇಲಕ್ಕೆ ಹತ್ತಿದ್ದರೆ ವಿಲೋಮ. ಮೇಲೂ ಹೋಗದೆ ಕೆಳಗೂ ಇಳಿಯದೆ ಎರಡು ತುಂಡು ಪಕ್ಕಪಕ್ಕಕ್ಕೆ ಸರಿದಿದ್ದರೆ ಸ್ಟ್ರೈಕ್-ಸ್ಲಿಪ್. ಪದರು ಮಟ್ಟಸವಾಗಿರುವ ಕಡೆ ಬೋರ್‌ವೆಲ್ಲಿನಿಂದ ಬರುವ ಪುಡಿ ಕೂಡ ಸಾಕ್ಷಿ ಹೇಳುತ್ತದೆ: ಸಾಮಾನ್ಯ ಸ್ತರಭಂಗವನ್ನು ಹಾದ ಕೊಳವೆಯಲ್ಲಿ ಸಿಗಬೇಕಾದ ಪದರೊಂದು ಸಿಗುವುದಿಲ್ಲ, ವಿಲೋಮವನ್ನು ಹಾದರೆ ಅದೇ ಪದರು ಎರಡು ಸಲ ಸಿಗುತ್ತದೆ.

ಇಷ್ಟನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ತಪ್ಪಾಗುವುದು ಮುಂದೆ. ಪುಸ್ತಕದ ಚಿತ್ರದಲ್ಲಿ ಪದರು ಮಟ್ಟಸ, ಬಾಗಲಕೋಟೆ ಸೀಮೆಯ ಹಳೆಯ ಕಲ್ಲಿನಲ್ಲಿ ಪದರು ಓರೆ. ಇಲ್ಲಿಯ ಮಡಿಕೆಗಳು ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಹಾಯುತ್ತವೆ. ಹಾಗಾಗಿ ಪದರುಗಳು ದಕ್ಷಿಣಕ್ಕೋ ಉತ್ತರಕ್ಕೋ ಇಳಿಯುತ್ತವೆ. ಕಾಲುವೆಯನ್ನು ಪೂರ್ವ-ಪಶ್ಚಿಮವಾಗಿ ಕಡಿದರೆ ಆ ಗೋಡೆಯಲ್ಲಿ ಓರೆಯ ಪದರೂ ಮಟ್ಟಸವಾಗಿಯೇ ಕಾಣುತ್ತದೆ. ಇಳಿಜಾರು ನಮ್ಮ ಕಡೆಗೋ ಗೋಡೆಯ ಒಳಗಡೆಗೋ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಪದರು ದಕ್ಷಿಣಕ್ಕೆ 30 ಡಿಗ್ರಿ ಇಳಿದಿದೆ ಎನ್ನೋಣ. ಸ್ತರಭಂಗ ಉತ್ತರ-ದಕ್ಷಿಣವಾಗಿ ಹಾದು, ಪಶ್ಚಿಮಕ್ಕೆ 70 ಡಿಗ್ರಿ ಓರೆಯಾಗಿದೆ. ಪೂರ್ವದ ತುಂಡು 3 ಮೀಟರ್ ದಕ್ಷಿಣಕ್ಕೆ, ಮಟ್ಟಸವಾಗಿ ಮಾತ್ರ, ಸರಿಯಿತು. ಒಂದು ಕೂದಲೆಳೆಯಷ್ಟೂ ಮೇಲೆ-ಕೆಳಗೆ ಆಗಲಿಲ್ಲ. ಈಗ ಉತ್ತರಕ್ಕೆ ಮುಖಮಾಡಿ ಕಾಲುವೆಯ ಗೋಡೆ ನೋಡಿದರೆ ಎಡಗಡೆಯ, ಅಂದರೆ ಪಶ್ಚಿಮದ ಪದರು 1.73 ಮೀಟರ್ ಕೆಳಗಿರುತ್ತದೆ. 3 ಮೀಟರನ್ನು 30 ಡಿಗ್ರಿಯ ಟ್ಯಾಂಜೆಂಟ್ ಆದ 0.577ರಿಂದ ಗುಣಿಸಿದರೆ ಬರುವ ಮೊತ್ತ ಇದು. ಹ್ಯಾಂಗಿಂಗ್ ವಾಲ್ ಪಶ್ಚಿಮದ್ದೇ, ಅದೇ ಕೆಳಗಿದೆ. ನೋಡಿದವರೆಲ್ಲ ಸಾಮಾನ್ಯ ಸ್ತರಭಂಗ ಎಂದೇ ಬರೆಯುತ್ತಾರೆ. ನಡೆದದ್ದು ಪೂರ್ತಿ ಸ್ಟ್ರೈಕ್-ಸ್ಲಿಪ್.

ಇದು ಹೇಗೆಂದು ತಗಡಿನ ಮಾಡು ನೆನೆದರೆ ತಿಳಿಯುತ್ತದೆ. ದಕ್ಷಿಣಕ್ಕೆ ಇಳಿದ ಮಾಡನ್ನು ಮೇಲಿಂದ ಕೆಳಕ್ಕೆ ಎರಡಾಗಿ ಕೊಯ್ದು, ಬಲ ಅರ್ಧವನ್ನು ಇಳಿಜಾರಿನಗುಂಟ ಜಾರಿಸದೆ ನೆಲಕ್ಕೆ ಮಟ್ಟಸವಾಗಿ ದಕ್ಷಿಣಕ್ಕೆ ಎಳೆಯಿರಿ. ಕೊಯ್ದ ಅಂಚಿನಲ್ಲಿ ಬಲಗಡೆಯ ತಗಡು ಎಡಗಡೆಯದಕ್ಕಿಂತ ಎತ್ತರವಾಗಿ ನಿಲ್ಲುತ್ತದೆ. ಯಾರೂ ಅದನ್ನು ಎತ್ತಿಲ್ಲ.

ಹಾಗಾದರೆ ನಿಜವಾಗಿ ಯಾವ ಕಡೆ ಸರಿದಿದೆ ಎಂದು ತಿಳಿಯುವ ಬಗೆ? ಬಿರಿದ ಮೈಯನ್ನೇ ಹುಡುಕಬೇಕು. ಸುತ್ತಿಗೆಯಿಂದ ಸಡಿಲಾದ ಚಕ್ಕೆಯನ್ನು ಎತ್ತಿ ತೆಗೆದು, ನೀರು ಹಾಕಿ ತೊಳೆದು, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೋಡಿದರೆ, ತುಂಡುಗಳು ಉಜ್ಜಿ ಸರಿದ ಗುಂಟ ಬಿದ್ದ ಸಮಾನಾಂತರ ಗೀರುಗಳು ಎದ್ದು ಕಾಣುತ್ತವೆ. ಇಳಿಜಾರು ಅಳೆಯುವ ಕ್ಲೈನೋಮೀಟರಿನ ಮಟ್ಟ ನೋಡಿ ಆ ಮೈಯ ಮೇಲೆ ಸೀಮೆಸುಣ್ಣದಿಂದ ಒಂದು ಮಟ್ಟಸ ಗೆರೆ ಎಳೆಯಬೇಕು. ಆ ಗೆರೆಗೂ ಗೀರಿಗೂ ನಡುವಿನ ಕೋನವನ್ನು ಕೋನಮಾಪಕದಿಂದ ಅಳೆಯಬೇಕು. ಕೋನ ಸೊನ್ನೆಯ ಹತ್ತಿರವಿದ್ದರೆ ಸ್ಟ್ರೈಕ್-ಸ್ಲಿಪ್, 90ರ ಹತ್ತಿರವಿದ್ದರೆ ಸಾಮಾನ್ಯ ಅಥವಾ ವಿಲೋಮ. ನಡುವೆ ಎಲ್ಲೋ ಬಂದರೆ ಎರಡೂ ಸೇರಿದ ಓರೆ ಸರಿತ, ಅದನ್ನು ಹಾಗೆಯೇ ಬರೆಯಬೇಕು. ಮೇಲಿನ ಉದಾಹರಣೆಯಲ್ಲಿ ಗೀರು ಮಟ್ಟಸವಾಗಿಯೇ ಇರುತ್ತದೆ.

ಸುಣ್ಣಕಲ್ಲಿನಲ್ಲಿ ಇನ್ನೂ ಒಂದು ಅನುಕೂಲವಿದೆ. ಸರಿಯುವಾಗ ಸಂದಿನಲ್ಲಿ ಕ್ಯಾಲ್ಸೈಟು ಎಳೆಎಳೆಯಾಗಿ ಬೆಳೆದು, ಚಿಕ್ಕ ಚಿಕ್ಕ ಮೆಟ್ಟಿಲು ಕಟ್ಟಿರುತ್ತದೆ. ಎಳೆಗಳ ಗುಂಟ ಅಂಗೈ ಆಡಿಸಿದರೆ ಒಂದು ಕಡೆಗೆ ನುಣ್ಣಗೆ ಜಾರುತ್ತದೆ, ತಿರುಗಿ ಬರುವಾಗ ಮೆಟ್ಟಿಲಿಗೆ ತಡೆಯುತ್ತದೆ. ನುಣ್ಣಗೆ ಜಾರಿದ ಕಡೆಗೇ ಎದುರಿನ, ಅಂದರೆ ಈಗ ಕಳಚಿಹೋದ, ತುಂಡು ಸರಿದಿತ್ತು. ಕ್ಯಾಲ್ಸೈಟು ಬೆಳೆಯದೆ ಬರಿ ಉಜ್ಜಿ ಹೊಳೆಯುವ ಮೈಯ ಮೆಟ್ಟಿಲನ್ನು ಇಷ್ಟು ನಂಬಬಾರದು, ಅದು ಕೆಲವೊಮ್ಮೆ ತಿರುವುಮುರುವಾಗಿರುತ್ತದೆ.

ಕಾಲುವೆಯ ಗೋಡೆಯಲ್ಲಿ ಜೆಸಿಬಿ ಬಕೆಟ್ಟಿನ ಹಲ್ಲು ಎಳೆದ ಗೀರು ಬಹಳ ಮೋಸ ಮಾಡುತ್ತದೆ. ಅದು ಕಡಿದ ಗೋಡೆಯ ಮೇಲಿರುತ್ತದೆ, ಬಿರಿದ ಮೈಯ ಮೇಲಲ್ಲ. ಗೀರಿನ ತಳದಲ್ಲಿ ಬಿಳಿ ಹಿಟ್ಟು ಇರುತ್ತದೆ, ತೊಳೆದರೆ ಹೋಗುತ್ತದೆ. ಒಂದು ಚಕ್ಕೆ ಎಬ್ಬಿಸಿ ನೋಡಿದರೆ ಅನುಮಾನ ತೀರುತ್ತದೆ: ನಿಜವಾದ ಗೀರು ಇನ್ನೂ ತೆರೆಯದ ಮೈಯಲ್ಲೂ ಮುಂದುವರಿದಿರುತ್ತದೆ. ಅದಕ್ಕೂ ಒಂದು ಮಿತಿಯಿದೆ, ಗೀರು ಹೇಳುವುದು ಕೊನೆಯ ಸರಿತವನ್ನು ಮಾತ್ರ. ಮೊದಲು ಕೆಳಕ್ಕೆ ಜಾರಿ, ಎಷ್ಟೋ ಕಾಲದ ಮೇಲೆ ತುಸು ಪಕ್ಕಕ್ಕೆ ಸರಿದಿದ್ದರೆ ಹಳೆಯ ಗೀರು ಅಳಿಸಿಹೋಗಿರಬಹುದು.

ಗೀರು ಸಿಗದಿದ್ದರೆ ಮಡಿಕೆಯೇ ನೆರವಿಗೆ ಬರುತ್ತದೆ. ಮಡಿಕೆಯೂ ಸ್ತರಭಂಗವೂ ಬೇರೆ ಎಂದು ತಿಳಿದಿದ್ದರೆ ಮಾತ್ರ ಈ ನೆರವು ಸಿಗುವುದು. ಉಬ್ಬುಮಡಿಕೆಯನ್ನು ಅಡ್ಡ ಕತ್ತರಿಸಿದ ಸ್ತರಭಂಗವೊಂದಿದೆ ಎನ್ನಿ. ಮಡಿಕೆಯ ದಕ್ಷಿಣ ತೋಳಿನಲ್ಲಿ, ಅಂದರೆ ದಕ್ಷಿಣಕ್ಕೆ ಇಳಿದ ಪಕ್ಕದಲ್ಲಿ, ಪೂರ್ವದ ಪದರು ಎತ್ತರದಲ್ಲಿದೆ. ಉತ್ತರ ತೋಳಿಗೆ ನಡೆದುಹೋಗಿ ಅದೇ ಸ್ತರಭಂಗವನ್ನು ನೋಡಬೇಕು. ಅಲ್ಲೂ ಪೂರ್ವವೇ ಎತ್ತರವಿದ್ದರೆ ಆ ತುಂಡು ನಿಜವಾಗಿ ಎದ್ದಿದೆ. ಅಲ್ಲಿ ಪೂರ್ವ ತಗ್ಗಿದ್ದರೆ ತುಂಡು ದಕ್ಷಿಣಕ್ಕೆ ಸರಿದಿದೆ, ಯಾಕೆಂದರೆ ಮಟ್ಟಸ ಸರಿತ ಎದುರುಬದುರು ಇಳಿದ ತೋಳುಗಳಲ್ಲಿ ಎದುರುಬದುರಾಗಿಯೇ ಕಾಣುತ್ತದೆ. ನಕ್ಷೆಯಲ್ಲೂ ಇದನ್ನು ಓದಬಹುದು. ಸ್ಟ್ರೈಕ್-ಸ್ಲಿಪ್ಪಿನಲ್ಲಿ ಎರಡೂ ತೋಳು ಒಂದೇ ಕಡೆಗೆ, ಒಂದೇ ದೂರ ಸರಿದಿರುತ್ತವೆ. ಮೇಲೆ-ಕೆಳಗೆ ಸರಿದಿದ್ದರೆ, ನೆಲ ಸವೆದು ಮಟ್ಟವಾದ ಮೇಲೆ, ಎದ್ದ ಕಡೆ ತೋಳುಗಳ ನಡುವಿನ ಅಂತರ ಹೆಚ್ಚು, ಇಳಿದ ಕಡೆ ಕಡಿಮೆ. ತಗ್ಗುಮಡಿಕೆಯಲ್ಲಿ ಇದು ಉಲ್ಟಾ.

ಬಿರಿದ ಮೈಯ ಓರೆಯನ್ನು ನೋಡಿಯೇ ಬಗೆ ಹೇಳುವ ರೂಢಿಯೂ ಇದೆ: ಸುಮಾರು 60 ಡಿಗ್ರಿ ಇದ್ದರೆ ಸಾಮಾನ್ಯ, 30ರ ಆಸುಪಾಸು ವಿಲೋಮ, ನೆಟ್ಟಗಿದ್ದರೆ ಸ್ಟ್ರೈಕ್-ಸ್ಲಿಪ್. ಅದು ಸುಳಿವು ಮಾತ್ರ. ಆಮೇಲೆ ಇಡೀ ನೆಲವೇ ವಾಲಿದ್ದರೆ ಈ ಲೆಕ್ಕ ತಪ್ಪುತ್ತದೆ.

ಆದ್ದರಿಂದ ಆ ಅಡಿಬರಹವನ್ನು 'ಪಶ್ಚಿಮದ ಪದರು ಕೆಳಗೆ ಕಾಣುವ ಸ್ತರಭಂಗ. ಸರಿದ ದಿಕ್ಕು ನಿರ್ಧಾರವಾಗಿಲ್ಲ' ಎಂದು ತಿದ್ದಲು ಕೋರುತ್ತೇನೆ. ಎಡಗಡೆ ಪಶ್ಚಿಮವೇ ಎಂಬುದನ್ನು ಛಾಯಾಗ್ರಾಹಕರಿಂದ ಖಚಿತ ಮಾಡಿಕೊಳ್ಳಿ. ಇಂಥ ಚಿತ್ರ ಮತ್ತೆ ಅಚ್ಚಾಗುವಾಗ ಕ್ಯಾಮೆರಾ ಯಾವ ದಿಕ್ಕಿಗೆ ಮುಖಮಾಡಿತ್ತು, ಪದರು ಯಾವ ಕಡೆಗೆ ಎಷ್ಟು ಡಿಗ್ರಿ ಇಳಿದಿದೆ ಎಂದು ಒಂದು ಸಾಲು ಇರಲಿ. ಜೊತೆಗೆ ಬಿರಿದ ಮೈಯ ಹತ್ತಿರದ ಚಿತ್ರವೊಂದನ್ನು, ಅಳತೆಗೆ ಪೆನ್ನಿಟ್ಟು, ತೆಗೆಸಿ ಹಾಕಿ.

ಇಂತಿ,
ಭೂವಿಜ್ಞಾನದ ಒಬ್ಬ ಅಧ್ಯಾಪಕ,
ಬಾಗಲಕೋಟೆ