ಬೆಲೆ ಒಂದಕ್ಕೋ, ಸೆಟ್ಟಿಗೋ? ಹಾಸನದ ಸಂಸದರಿಗೆ ಬಹಿರಂಗ ಪತ್ರ

ಹಾಸನ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ ನಮಸ್ಕಾರಗಳು.

ಮುಂಗಾರು ಹಿಡಿಯುವ ಮುನ್ನ ತೋಟಕ್ಕೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದು ಮುಗಿಸಲು ಸಕಲೇಶಪುರದ ಕಡೆಯ ಬೆಳೆಗಾರರು ಪಡುವ ಪಾಡು ತಮಗೆ ತಿಳಿದದ್ದೇ. ದ್ರಾವಣದಲ್ಲಿನ ಸುಣ್ಣದ ಹರಳು ಸಿಕ್ಕಿಕೊಂಡು ಸಿಂಪಡಿಸುವ ಗನ್‌ನ ನಾಜಲ್ ಕಟ್ಟುತ್ತದೆ, ಬಳಸುತ್ತ ಬಳಸುತ್ತ ತೂತು ಸವೆದು ಹನಿ ದಪ್ಪವಾಗುತ್ತದೆ. ಆದ್ದರಿಂದ ಪ್ರತಿ ವರ್ಷ ಹೊಸ ನಾಜಲ್ ಬೇಕು. ಪೇಟೆಯಲ್ಲಿ ಸಿಗದಿದ್ದರೆ ಈಗ ಎಲ್ಲರೂ ಮೊಬೈಲ್‌ನಲ್ಲೇ ತರಿಸುತ್ತಾರೆ.

ನಮ್ಮ ಪಕ್ಕದ ತೋಟದವರು ನಾಲ್ಕು ಗನ್‌ಗಳಿಗೆಂದು ನಾಜಲ್ ಹುಡುಕಿದರು. ಒಂದು ಕಡೆ ‘ಹಿತ್ತಾಳೆ ನಾಜಲ್’ ಎಂದು 90 ರೂಪಾಯಿ. ಇನ್ನೊಂದು ಕಡೆ ‘4 ನಾಜಲ್‌ಗಳ ಪ್ಯಾಕ್’ ಎಂದು 300. ಮೂರನೆಯದರ ಶೀರ್ಷಿಕೆ ‘ಹಿತ್ತಾಳೆ ನಾಜಲ್ 4 ಪೀಸ್ ಸೆಟ್’, ಬೆಲೆ 240, ಚಿತ್ರದಲ್ಲಿ ಸಾಲಾಗಿ ನಾಲ್ಕು ನಾಜಲ್. ಒಂದಕ್ಕೆ 60 ಬಿತ್ತೆಂದು ಲೆಕ್ಕ ಹಾಕಿ ಮೂರನೆಯದನ್ನೇ ಕೊಂಡರು. ಬಂದ ಪೊಟ್ಟಣದಲ್ಲಿದ್ದದ್ದು ಒಂದೇ ನಾಜಲ್: ಅದರ ಬಾಡಿ, ಜಾಲರಿ, ದ್ರಾವಣವನ್ನು ಸುತ್ತಿಸುವ ಬಿಲ್ಲೆ, ಮುಚ್ಚಳ. ನಾಲ್ಕು ಪೀಸ್ ಎಂದರೆ ಈ ನಾಲ್ಕು ಬಿಡಿಭಾಗಗಳಂತೆ! ಎಲ್ಲಕ್ಕಿಂತ ಅಗ್ಗವಾಗಿ ಕಂಡದ್ದು ಎಲ್ಲಕ್ಕಿಂತ ದುಬಾರಿಯದಾಗಿತ್ತು. ದೂರಿದರೆ, ಬಿಲ್ಲಿನಲ್ಲಿ ಸಂಖ್ಯೆ 1 ಎಂದಿದೆ, ಒಂದು ಸೆಟ್ ಕಳಿಸಿದ್ದೇವೆ ಎಂಬ ಉತ್ತರ ಬಂತು. ಬೇರೆ ನಾಜಲ್ ಬರುವಷ್ಟರಲ್ಲಿ ಮಳೆ ಹಿಡಿದಿತ್ತು.

ಇದಕ್ಕೆ ಕಾನೂನು ಇಲ್ಲವೆಂದಲ್ಲ. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ಎಣಿಕೆಯಲ್ಲಿ ಮಾರುವ ಸರಕಿನ ಪೊಟ್ಟಣದ ಮೇಲೆ ಎಷ್ಟು ನಗ ಇವೆಯೆಂದು ಬರೆಯಲೇಬೇಕು. ಒಂದೇ ಪೊಟ್ಟಣದಲ್ಲಿ ಹಲವು ಬಗೆಯ ವಸ್ತುಗಳಿದ್ದರೆ ಪ್ರತಿಯೊಂದರ ಹೆಸರು ಮತ್ತು ಸಂಖ್ಯೆ ಬೇಕು. 2018ರ ಜನವರಿಯಿಂದ ಆನ್‌ಲೈನ್ ಮಾರಾಟದ ಪುಟದಲ್ಲೂ ಈ ವಿವರ ಕಡ್ಡಾಯ. ಆಮೇಲಿನ ತಿದ್ದುಪಡಿ ಒಂದು ನಗಕ್ಕೆ ಬೀಳುವ ಬೆಲೆಯನ್ನೂ ತೋರಿಸಲು ಹೇಳಿದೆ. ಆದರೆ ವಿವರ ಶೀರ್ಷಿಕೆಯಲ್ಲೇ ಇರಬೇಕೆಂದು ನಿಯಮ ಹೇಳುವುದಿಲ್ಲ. ಹಾಗಾಗಿ ಅದು ಪುಟದ ಬುಡದಲ್ಲಿ, ಒತ್ತಿದರೆ ಮಾತ್ರ ಬಿಚ್ಚಿಕೊಳ್ಳುವ ಪಟ್ಟಿಯೊಳಗೆ ಸೇರಿಹೋಗುತ್ತದೆ. ಈ ನಾಜಲ್‌ನ ಪುಟದಲ್ಲಿ ಅಲ್ಲಿಯೂ ‘ನಿವ್ವಳ ಪ್ರಮಾಣ: 1 ಸೆಟ್’ ಎಂದಷ್ಟೇ ಇತ್ತು. ಸೆಟ್ ಎಂದರೆ ಏನೇನು ಎಂದು ಹೇಳದ ಮೇಲೆ ಆ ಸಾಲು ಇದ್ದರೇನು, ಬಿಟ್ಟರೇನು?

ಮೋಸ ಮಾಡಬೇಕೆಂದೇ ಎಲ್ಲರೂ ಹೀಗೆ ಬರೆಯುತ್ತಾರೆಂದು ನಾನು ಹೇಳುವುದಿಲ್ಲ. ಒಂದೇ ಪುಟದಲ್ಲಿ 1, 2, 4ರ ಪ್ಯಾಕ್‌ಗಳನ್ನು ಆಯ್ಕೆಗಳಾಗಿ ಇಟ್ಟಾಗ ಚಿತ್ರ ನಾಲ್ಕರದ್ದೇ ಉಳಿದು, ಬೆಲೆ ಮಾತ್ರ ಒಂದರದ್ದು ಕಾಣುವುದುಂಟು. ಕಡಿಮೆ ಬೆಲೆಯದನ್ನು ಮೊದಲು ತೋರಿಸು ಎಂದು ಕೇಳಿದಾಗ ಅಂಥ ಪುಟವೇ ಮೇಲೆ ಬರುತ್ತದೆ. ‘4 ನಾಜಲ್‌ಗಳ ಪ್ಯಾಕ್’ ಎಂದು ಪ್ರಾಮಾಣಿಕವಾಗಿ ಬರೆದ ವ್ಯಾಪಾರಿ 300 ರೂಪಾಯಿಯವನಾಗಿ ಕೆಳಗೆ ಉಳಿಯುತ್ತಾನೆ. ನನಗೆ ಹೆಚ್ಚು ಸಂಕಟವಾಗುವುದು ಇದೇ. ನಮ್ಮ ಜಿಲ್ಲೆಯಿಂದ ಕಾಫಿಪುಡಿ, ಏಲಕ್ಕಿ, ಮೆಣಸಿನ ಪೊಟ್ಟಣಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ವ್ಯಾಪಾರಿಗಳೂ ಈ ಸಾಲಿನಲ್ಲೇ ನಿಂತಿದ್ದಾರೆ.

ಪೊಟ್ಟಣ ಸರಕುಗಳ ನಿಯಮ ಮಾಡುವುದು ಕೇಂದ್ರ ಸರ್ಕಾರ. ಆದ್ದರಿಂದಲೇ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ. ಶೀರ್ಷಿಕೆಯಲ್ಲಿ ಸಂಖ್ಯೆಯೂ ಎಣಿಸಿದ ವಸ್ತುವಿನ ಹೆಸರೂ ಒಟ್ಟಿಗೆ ಇರಬೇಕೆಂದು ನಿಯಮಕ್ಕೆ ಸೇರಿಸುವಂತೆ ಗ್ರಾಹಕ ವ್ಯವಹಾರಗಳ ಸಚಿವಾಲಯವನ್ನು ದಯವಿಟ್ಟು ಒತ್ತಾಯಿಸಿ. ‘4 ಪೀಸ್’ ಸಾಲದು. ‘4 ನಾಜಲ್’ ಅಥವಾ ‘1 ನಾಜಲ್, 4 ಬಿಡಿಭಾಗ’ ಎಂದಿರಲಿ. ಮೊಬೈಲ್ ಪರದೆಯಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿಹೋಗುವುದರಿಂದ ಈ ಮಾತು ಮೊದಲಿಗೇ ಬರಬೇಕು. ಬಿಡಿ ಬೆಲೆ ಒಟ್ಟು ಬೆಲೆಯ ಪಕ್ಕದಲ್ಲೇ ಕಾಣಬೇಕು. ಬಿಲ್ಲಿನಲ್ಲೂ ಬರೇ ‘1’ ಅಲ್ಲ, ‘1 ಪ್ಯಾಕ್, 4 ನಾಜಲ್’ ಎಂದು ಮುದ್ರಿಸಬೇಕು. ಆಗ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುವವರ ಕೈಯಲ್ಲಿ ತೋರಿಸಲು ಒಂದು ಆಧಾರವಿರುತ್ತದೆ.

ಮುಂದಿನ ಅಧಿವೇಶನದಲ್ಲಿ ಈ ಬಗ್ಗೆ ಒಂದು ಪ್ರಶ್ನೆ ಕೇಳಿ, ಸಚಿವರು ಕೊಡುವ ಉತ್ತರವನ್ನು ಕ್ಷೇತ್ರದ ಜನರಿಗೂ ತಿಳಿಸುವಿರೆಂದು ನಂಬಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸಕಲೇಶಪುರ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ