ಎರಡು ದಿನ ಚೆಲ್ಲಿದ ಹಾಲು

ಚಿಂತಾಮಣಿ
ಗುರುವಾರ ರಾತ್ರಿ

ಚಿ. ಸೌ. ಲತಾಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಕಾಗದದ ಕೊನೆಗೆ, ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. "ಬಂಗಿಗೆ ಹಚ್ಚಿದ ಕ್ರೀಮು ಹಾಲಿಗೆ ಇಳಿದಿರುತ್ತೆ ಅಂತ ಎರಡು ದಿನದಿಂದ ಹಿಂಡಿ ಸಿಂಕಿಗೆ ಚೆಲ್ತಿದ್ದೀನಿ, ಪಾಪೂಗೆ ಡಬ್ಬಿ ಹಾಲು." ಇಷ್ಟೇ ಬರೆದು ಮುಂದಕ್ಕೆ ಮಾವಿನಕಾಯಿ ಬೆಲೆ ಬರೆದಿದ್ದೀಯ.

ಮೊದಲು ಚೆಲ್ಲೋದು ನಿಲ್ಲಿಸು. ಉಳಿದದ್ದು ಆಮೇಲೆ ಓದು.

ಸಂಜೆ ನಿನ್ನ ಗಂಡನಿಗೆ ಫೋನ್ ಮಾಡಿ ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಏನಿದೆ ಓದಪ್ಪಾ ಅಂದೆ. ಹೈಡ್ರೋಕ್ವಿನೋನ್ 2%, ಟ್ರೆಟಿನಾಯಿನ್ 0.025%, ಮೊಮೆಟಸೋನ್ 0.1%. ಓದುವ ಮೊದಲೇ ನನಗೆ ಗೊತ್ತಿತ್ತು. ಇಪ್ಪತ್ತಾರು ವರ್ಷ ಮೆಡಿಕಲ್ ಸ್ಟೋರಿನ ಕೌಂಟರಿನ ಹಿಂದೆ ನಿಂತವಳು ನಾನು. "ಬಂಗಿಗೆ ಏನಾದ್ರೂ ಕೊಡಿ" ಅಂತ ಕೇಳಿದವರಿಗೆಲ್ಲ ಈ ಮೂರೂ ಬೆರೆಸಿದ ಟ್ಯೂಬನ್ನೇ ಕೊಟ್ಟಿದ್ದೀನಿ, ಚೀಟಿ ಕೇಳದೆ. ಆ ಮಾತಿಗೆ ಆಮೇಲೆ ಬರ್ತೀನಿ.

ಮೊಮೆಟಸೋನ್ ಅಂದ್ರೆ ಸ್ಟೀರಾಯ್ಡು. ಮುಖದ ಎರಡು ಕಲೆಗೆ ಮೂರು ವಾರ ಹಚ್ಚಿದ್ದರಲ್ಲಿ ರಕ್ತಕ್ಕೆ ಹೋಗೋದೇ ಬಹಳ ಕಮ್ಮಿ, ರಕ್ತದಿಂದ ಹಾಲಿಗೆ ಇನ್ನೂ ಕಮ್ಮಿ. ಟ್ರೆಟಿನಾಯಿನ್ ಕೂಡ ಚರ್ಮ ದಾಟಿ ಒಳಗೆ ಹೋಗೋದು ಅತ್ಯಲ್ಪ. ಆ ಹೆಸರು ಕೇಳಿದರೆ ಹೆದರೋದು ಯಾಕೆ ಅಂದ್ರೆ, ಅದರ ಬಳಗದ್ದೇ ಐಸೊಟ್ರೆಟಿನಾಯಿನ್ ಅನ್ನೋ ಮೊಡವೆ ಮಾತ್ರೆ ಬಸುರಿಯರಿಗೆ ಭಾರೀ ಅಪಾಯ, ಹಾಲುಣಿಸೋರಿಗೂ ಬೇಡ. ಮಾತ್ರೆ ಬೇರೆ, ಮುಖಕ್ಕೆ ಹಚ್ಚೋದು ಬೇರೆ. ನನಗೆ ಸರಿಬರದೆ ಇರೋದು ಹೈಡ್ರೋಕ್ವಿನೋನ್. ಹಚ್ಚಿದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಚರ್ಮದ ಮೂಲಕ ಮೈಗೆ ಸೇರುತ್ತೆ. ಅದರಿಂದ ಯಾವ ಮಗುವಿಗೋ ಹೀಗಾಯ್ತು ಅಂತ ನಾನು ಕೇಳಿಲ್ಲ. ಆದರೂ ಬಂಗು ನಾಳೆಯೇ ಹೋಗಬೇಕಾದ ಕಾಯಿಲೆ ಅಲ್ಲ, ಮಗು ಹಾಲು ಬಿಡೋವರೆಗೆ ಬೇಡ ಅಂತ ಡಾಕ್ಟರುಗಳು ಹೇಳೋದು ಅದಕ್ಕೇ. ಟ್ಯೂಬ್ ನಿಲ್ಲಿಸು, ಹಾಲಲ್ಲ.

ಹಿಂಡಿ ಚೆಲ್ಲಿದರೆ ಹಾಲು ಶುದ್ಧ ಆಗುತ್ತೆ ಅನ್ನೋದೂ ತಪ್ಪು. ರಕ್ತದಲ್ಲಿ ಕಮ್ಮಿ ಆದ ಹಾಗೆ ಹಾಲಲ್ಲೂ ತಾನಾಗೇ ಕಮ್ಮಿ ಆಗುತ್ತೆ, ನೀನು ಹಿಂಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಈ ಮಾತನ್ನ ನಾನು ಒಬ್ಬ ಹುಡುಗಿಗೆ ಹೇಳಬೇಕಿತ್ತು. ಟೊಮ್ಯಾಟೊ ತೋಟದಲ್ಲಿ ಕೆಲಸ ಮಾಡ್ತಿದ್ದವಳು, ಕಂಕುಳಲ್ಲಿ ನಾಲ್ಕು ತಿಂಗಳ ಕೂಸು. ಇದೇ ತರದ ಟ್ಯೂಬ್ ಕೇಳಿದಳು. ಕೊಟ್ಟೆ. "ಹಾಲುಣಿಸ್ತಿದ್ದೀನಿ ಅಕ್ಕಾ, ಪರವಾಗಿಲ್ವಾ?" ಅಂದಳು. ನನಗೆ ಖಚಿತ ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನೋಕೆ ನಾಚಿಕೆ. "ಒಂದು ವಾರ ಹಾಲು ನಿಲ್ಲಿಸು, ಯಾಕೆ ಬೇಕು ರಿಸ್ಕು" ಅಂದೆ, ಬುದ್ಧಿವಂತಳ ಹಾಗೆ. ಹನ್ನೆರಡು ದಿನ ಬಿಟ್ಟು ಬಂದಳು. ಮಗು ಎದೆ ಹಿಡಿದು ಎಳೆಯುತ್ತೆ, ಏನೂ ಬರಲ್ಲ, ಕಿರುಚುತ್ತೆ. ನಾನು ಹಾಲಿನ ಪುಡಿ ಡಬ್ಬಿ ಕೊಟ್ಟು ದುಡ್ಡು ಎಣಿಸಿಕೊಂಡೆ. ಅವಳ ಕೆನ್ನೆ ಟ್ಯೂಬಿನ ದೆಸೆಯಿಂದ ಬೆಳ್ಳಗಾಗಿತ್ತು, ಖುಷಿಯಾಗಿದ್ದಳು. ಆರು ತಿಂಗಳು ಬಿಡದೆ ಹಚ್ಚಿದಳು. ಆಮೇಲೆ ನಿಲ್ಲಿಸಿದಾಗ ಮುಖ ಬೆಂಕಿ ಬಿದ್ದ ಹಾಗೆ ಕೆಂಪಾಗಿ, ನರ ಕಾಣೋ ಹಾಗೆ ತೆಳ್ಳಗಾಗಿ, ಸಣ್ಣ ಸಣ್ಣ ಗುಳ್ಳೆ. ಸ್ಟೀರಾಯ್ಡು ಬಿಟ್ಟಾಗ ಹಾಗಾಗುತ್ತೆ. 2018ರಲ್ಲಿ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನ ಚೀಟಿ ಇಲ್ಲದೆ ಮಾರಬಾರದು ಅಂತ ಬಂತು. ನಾನು ಅಂಗಡಿ ಕೊಟ್ಟುಬಿಟ್ಟ ಮೇಲೆ.

ನಿನ್ನದು ಮೂರೇ ವಾರ, ಹಾಗಾಗೋ ಸಂಭವ ಕಮ್ಮಿ. ಆದರೂ ನಿಲ್ಲಿಸಿದ ಮೇಲೆ ಮುಖ ಉರಿದರೆ, ಕೆಂಪಾದರೆ, ಮತ್ತೆ ಅದನ್ನೇ ಹಚ್ಚಬೇಡ. ಚರ್ಮದ ಡಾಕ್ಟರ ಹತ್ತಿರ ಹೋಗು, ಟ್ಯೂಬ್ ಕೈಲಿ ಹಿಡಿದು.

ನನಗೆ ಹೆಚ್ಚು ಯೋಚನೆ ಇರೋದು ಒಳಗೆ ಹೋಗೋ ಕ್ರೀಮಿನದಲ್ಲ ಕಣೆ, ಮೇಲಿರೋದರದ್ದು. ಮಗು ನಿನ್ನ ಕೆನ್ನೆಗೆ ಕೆನ್ನೆ ಒತ್ತುತ್ತೆ, ಗಲ್ಲ ಚೀಪುತ್ತೆ, ನಿನ್ನ ಬೆರಳು ಬಾಯಿಗಿಟ್ಟುಕೊಳ್ಳುತ್ತೆ. ಏನೇ ಹಚ್ಚು, ರಾತ್ರಿ ಮಗು ಮಲಗಿದ ಮೇಲೆ ಹಚ್ಚು, ಕೈ ಸೋಪಲ್ಲಿ ತೊಳಿ, ಮತ್ತೆ ಎತ್ತಿಕೊಳ್ಳೋ ಮುಂಚೆ ಮುಖ ತೊಳಿ. ಎದೆಯ ಮೇಲೆ, ತೊಟ್ಟಿನ ಹತ್ತಿರ ಇವು ಯಾವುದೂ ಹೋಗಕೂಡದು.

ಹಾಗಾದರೆ ಏನು ಹಚ್ಚಲಿ ಅಂತ ಕೇಳ್ತೀಯ. ನಾನು ಹೇಳೋದು ಸರಿಯೋ ಏನೋ, ಡಾಕ್ಟರನ್ನೂ ಕೇಳು. ಅಜೆಲಾಯಿಕ್ ಆಸಿಡ್ ಅಂತ ಒಂದಿದೆ, ಗೋಧಿ ಬಾರ್ಲಿಯಲ್ಲೂ ಇರೋ ಪದಾರ್ಥ. ಮೈಗೆ ಸೇರೋದು ನೂರಕ್ಕೆ ನಾಲ್ಕರ ಒಳಗೆ. ಬಂಗಿಗೂ ಆಗುತ್ತೆ, ಮೊಡವೆಗೂ ಆಗುತ್ತೆ. 10% ಇರೋದರಿಂದ ಶುರು ಮಾಡು, ಕಡಲೆಕಾಳಿನಷ್ಟು, ಮೊದಲು ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ಮೊದಮೊದಲು ಚುರುಚುರು ಅನ್ನುತ್ತೆ, ಸಿಪ್ಪೆ ಏಳೋ ಹಾಗಾದರೆ ನಾಲ್ಕು ದಿನ ಬಿಡು. ಎರಡು ಮೂರು ತಿಂಗಳಾದ ಮೇಲೇ ಕಲೆ ತಿಳಿಯಾಗೋದು ಕಾಣೋದು, ನಡುವೆ ಬೇಜಾರಾಗಿ ಮತ್ತೆ ಆ ಟ್ಯೂಬಿನ ಕಡೆ ಕೈ ಹೋದೀತು. ನಯಾಸಿನಮೈಡ್, ವಿಟಮಿನ್ ಸಿ ಹಚ್ಚಿಕೊಳ್ಳೋದಕ್ಕೂ ಅಡ್ಡಿಯಿಲ್ಲ ಅಂತಾರೆ. ಪೀಲಿಂಗು, ಟ್ರಾನೆಕ್ಸಾಮಿಕ್ ಮಾತ್ರೆ ಯಾರಾದರೂ ಹೇಳಿದರೆ ಡಾಕ್ಟರು ಕೇಳದೆ ಬೇಡ. ಆ ಮಾತ್ರೆ ರಕ್ತಸ್ರಾವ ನಿಲ್ಲಿಸೋದು, ಹೆರಿಗೆಯಾದ ಮೇಲೆ ರಕ್ತ ಹೆಪ್ಪುಗಟ್ಟೋ ಭಯ ಮೊದಲೇ ಇರುತ್ತೆ. ಇನ್ನು ಲೇಬಲ್ಲೇ ಇಲ್ಲದ ಬಿಳಿ ಡಬ್ಬಿ ಕ್ರೀಮು ಪಾರ್ಲರಿನವರು ಕೊಟ್ಟರೆ ಮನೆಯೊಳಗೇ ತರಬೇಡ. ಅಂಥದರಲ್ಲಿ ಪಾದರಸ ಇರೋದುಂಟು, ಅದು ಹಾಲಿಗೂ ಇಳಿಯುತ್ತೆ, ಮಗುವಿನ ಕೈಗೂ ಅಂಟುತ್ತೆ.

ನೀನು ಬೆಳಗ್ಗೆ ಹನ್ನೊಂದಕ್ಕೆ ಮಹಡಿ ಮೇಲೆ ಲಂಗೋಟಿ ಒಣಹಾಕ್ತೀಯ ಅಂತ ನಿಮ್ಮಮ್ಮ ಹೇಳಿದಳು. ಆ ಬಿಸಿಲಿದ್ದರೆ ಯಾವ ಕ್ರೀಮೂ ಕೆಲಸ ಮಾಡಲ್ಲ. ಜಿಂಕ್ ಆಕ್ಸೈಡ್ ಇರೋ ಸನ್‌ಸ್ಕ್ರೀನು, ಮೈಬಣ್ಣದ್ದು ಸಿಕ್ಕರೆ ಇನ್ನೂ ಒಳ್ಳೇದು. ಆ ಬಣ್ಣಕ್ಕೆ ಹಾಕಿರೋ ಐರನ್ ಆಕ್ಸೈಡು ಕಣ್ಣಿಗೆ ಕಾಣೋ ಬೆಳಕನ್ನೂ ತಡೆಯುತ್ತೆ, ನಮ್ಮಂಥ ಕಂದು ಚರ್ಮದ ಬಂಗು ಆ ಬೆಳಕಿಗೂ ಕಪ್ಪಾಗುತ್ತೆ. ಎರಡು ಬೆರಳಿನುದ್ದ ತಗೋ. ಸೆರಗು ತಲೆ ಮೇಲೆ ಎಳಕೋ, ಇಲ್ಲ ನಿನ್ನ ಗಂಡ ಒಣಹಾಕಲಿ. ನನ್ನ ಬಾಣಂತನದಲ್ಲಿ ನಮ್ಮಮ್ಮ ಬಂಗಿಗೆ ನಿಂಬೆಹುಳಿ ಉಜ್ಜಿ ಬಿಸಿಲಲ್ಲಿ ಕೂರಿಸಿದ್ದಳು, ಸುಟ್ಟು ಕಪ್ಪಾದ ಗುರುತು ಒಂದು ವರ್ಷ ಇತ್ತು. ಅವಳನ್ನ ಬೈಯೋ ಹಾಗೂ ಇಲ್ಲ, ನಾನು ಮಾಡಿದ್ದೇನು ಕಮ್ಮಿಯೇ.

ನೋಡು, ಮತ್ತೆ ಆ ಕಂಕುಳಿನ ಕೂಸೇ ಕಣ್ಮುಂದೆ ಬರುತ್ತೆ. ನಿನ್ನದು ಎರಡೇ ದಿನ, ಹಿಂಡ್ತಾನೂ ಇದ್ದೀಯ, ಹಾಲು ಎಲ್ಲೂ ಹೋಗಿಲ್ಲ. ಮಗುವನ್ನ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಎದೆಗೆ ಹಾಕು, ರಾತ್ರಿಯೂ. ಶೀಶೆ ರುಚಿ ಕಂಡದ್ದರಿಂದ ಮೊದಲ ದಿನ ಮುಖ ತಿರುಗಿಸಬಹುದು, ನಿದ್ದೆಗಣ್ಣಲ್ಲಿರುವಾಗ ಹಾಕಿ ನೋಡು. ದಿನಕ್ಕೆ ಆರು ಲಂಗೋಟಿ ಚೆನ್ನಾಗಿ ನೆನೆದರೆ ಹಾಲು ಸಾಲುತ್ತಿದೆ ಅಂತ ಲೆಕ್ಕ. ಕಮ್ಮಿಯಾದರೆ ಮಕ್ಕಳ ಡಾಕ್ಟರಿಗೆ ತೋರಿಸು, ಡಬ್ಬಿ ಹಾಲನ್ನ ಒಮ್ಮೆಲೇ ನಿಲ್ಲಿಸಬೇಡ.

ಭಾನುವಾರ ಬೆಳಗಿನ ಬಸ್ಸಿಗೆ ಬರ್ತೀನಿ. ಅಷ್ಟರೊಳಗೆ, ಪಾಪು ಎದೆ ಹಿಡಿದ ತಕ್ಷಣ ಫೋನ್ ಮಾಡು. ರಾತ್ರಿ ಎರಡು ಗಂಟೆಯಾದರೂ ಸರಿ.

ನಿನ್ನ
ದೊಡ್ಡಮ್ಮ